ಚುಚ್ಚುವ ತಮಾಷೆ

ಮೂರು ತಿಂಗಳಿಂದ ಜೊತೆಗಿದ್ದೇವೆ. ನನ್ನ ರಾಯಚೂರು ಮಾತನ್ನು ಅವನು ಗೆಳೆಯರ ಮುಂದೆ ಅಣಕಿಸುತ್ತಾನೆ. ಇದು ತಮಾಷೆನಾ, ತಾತ್ಸಾರನಾ?

ನೀವು ನೊಂದಾಗ ಅವನು ಏನು ಮಾಡ್ತಾನೆ ಅನ್ನೋದನ್ನು ನೋಡಿ. ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿ, ಸಂಬಂಧ ಮುರಿಯುವ ಲಕ್ಷಣಗಳಲ್ಲಿ ತಾತ್ಸಾರವನ್ನೇ ಮುಂದಿಟ್ಟರು, ಮತ್ತೆ ಅಣಕಿಸುವುದು, ಕಣ್ಣು ಹೊರಳಿಸುವುದು ಅದರ ಗುರುತುಗಳು.

ಇಬ್ಬರೇ ಇದ್ದಾಗ, ಜಗಳವಿಲ್ಲದ ಹೊತ್ತಲ್ಲಿ ಹೇಳಿ: "ಮಂದಿ ಮುಂದೆ ನನ್ನ ಮಾತು ಅಣಕಿಸಬೇಡ, ನೋವಾಗುತ್ತೆ." ನನ್ನ ಕೊಪ್ಪಳದ ಗೆಳತಿ ಹೀಗೇ ಹೇಳಿದ್ದಳು. ಅವಳ ಹುಡುಗ "ಸುಮ್ನೆ ಅಂದೆ, ನಿನಗೆ ಜೋಕೇ ತಿಳಿಯಲ್ಲ" ಅಂದ. ಮುಂದಿನ ವಾರ ಮಿರ್ಚಿ ಬಂಡಿ ಹತ್ತಿರ ಎಲ್ಲರೆದುರು ಮತ್ತೆ ಅದೇ ಅಣಕ, ಜೊತೆಗೆ "ಇವಳಿಗೆ ಸಿಟ್ಟು ಬರುತ್ತೆ ನೋಡ್ರಿ" ಅಂತ ಇನ್ನೊಂದು. ಗೊತ್ತಿದ್ದೂ ಅದೇ ಜಾಗಕ್ಕೆ ಚುಚ್ಚಿದನಲ್ವಾ, ಅದು ತಾತ್ಸಾರ. ತಮಾಷೆಯ ಹುಡುಗ ಮರೆತು ಒಮ್ಮೆ ಅಂದರೂ ನಿಮ್ಮ ಮುಖ ನೋಡಿ ತಾನೇ ನಿಲ್ಲಿಸುತ್ತಾನೆ.