ಈರುಳ್ಳಿ ಬೇರಿನ ಸ್ಲೈಡಲ್ಲಿ ನಿಮಿಷದ ಲೆಕ್ಕ

ಪ್ರಶ್ನೆ: ಸಾರ್, ಈರುಳ್ಳಿ ಬೇರಿನ ತುದೀಲಿ 200 ಸೆಲ್ ಎಣಿಸಿದ್ವಿ. ಇಂಟರ್‌ಫೇಸ್ 176, ಪ್ರೋಫೇಸ್ 14, ಮೆಟಾಫೇಸ್ 4, ಅನಾಫೇಸ್ 2, ಟೀಲೋಫೇಸ್ 4. ಒಂದು ಸೆಲ್ ಸೈಕಲ್ 24 ಗಂಟೆ ಅಂತ ಲೆಕ್ಕ ಹಾಕಿದ್ರೆ ಇಂಟರ್‌ಫೇಸ್ ನಂಗೆ 21 ಗಂಟೆ 12 ನಿಮಿಷ ಬಂತು, ಫ್ರೆಂಡ್‌ಗೆ 21 ಗಂಟೆ 7 ನಿಮಿಷ. ಯಾವ್ದು ಸರಿ?
- ಬಿಎಸ್ಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ನಿಮ್ ಫ್ರೆಂಡ್‌ದು ಸರಿ ಕಣಮ್ಮಾ. ರೆಕಾರ್ಡ್ ತಿದ್ದೋಕೆ ಕೂತಾಗೆಲ್ಲ ಇದೇ ತಪ್ಪು ನೋಡಿ ನೋಡಿ ಸಾಕಾಗಿದೆ. 200ರಲ್ಲಿ 176 ಅಂದ್ರೆ 0.88 ಪಾಲು, ಅದನ್ನ 24ರಿಂದ ಗುಣಿಸಿದ್ರೆ 21.12 ಬರುತ್ತೆ, ಆ ಪಾಯಿಂಟ್ ಆದ್ಮೇಲಿರೋದು ನಿಮಿಷ ಅಲ್ಲ, ಗಂಟೆಯ ಭಾಗ, 0.12ನ್ನ 60ರಿಂದ ಗುಣಿಸಿದ್ರೆ 7 ನಿಮಿಷ ಚಿಲ್ಲರೆ. ಮೊದ್ಲೇ 1440 ನಿಮಿಷ ಅಂತ ಇಟ್ಕೊಂಡ್ರೆ ಈ ರಗಳೆನೇ ಇರಲ್ಲ: ಪ್ರೋಫೇಸ್ ಸುಮಾರು 101, ಮೆಟಾಫೇಸು ಟೀಲೋಫೇಸು ತಲಾ 29, ಅನಾಫೇಸ್ 14.

ಸೆಲ್ ಎಣಿಸಿದ್ರೆ ಹೊತ್ತು ಹೇಗೆ ಗೊತ್ತಾಗುತ್ತೆ ಅಂದ್ರೆ, ಶಿವಮೊಗ್ಗದಿಂದ ಆಗುಂಬೆಗೆ ಹೋಗೋ ಬಸ್ಸುಗಳನ್ನೆಲ್ಲ ಒಂದೇ ಕ್ಷಣದಲ್ಲಿ ಫೋಟೋ ಹೊಡೆದ್ರೆ ಹೆಚ್ಚು ಹೊತ್ತು ಹಿಡಿಯೋ ದಾರೀಲೇ ಜಾಸ್ತಿ ಬಸ್ ಸಿಗುತ್ತಲ್ಲ, ಹಾಗೆ. ಆದ್ರೆ ಬಸ್ಸುಗಳು ನಿಲ್ದೆ ಓಡ್ತಾ ಇರ್ಬೇಕು, ಎಲ್ಲಾ ಒಟ್ಟಿಗೆ ಹೊರಟಿರಬಾರ್ದು. ಬೇರಿನ ತುದಿಯಿಂದ ಸ್ವಲ್ಪ ಮೇಲೆ ಹೋದ್ರೆ ಸೆಲ್ಲುಗಳು ಡಿವೈಡ್ ಆಗೋದು ಬಿಟ್ಟು ಉದ್ದಕ್ಕೆ ಬೆಳೀತಾವೆ, ಅವನ್ನೂ ಸೇರಿಸಿ ಎಣಿಸಿದ್ರೆ ಇಂಟರ್‌ಫೇಸ್ ಸುಮ್ನೆ ಉಬ್ಬುತ್ತೆ. ಚೌಕಾಕಾರದ ಸಣ್ಣ ಸೆಲ್ಲು, ಒಳಗೆ ದೊಡ್ಡ ನ್ಯೂಕ್ಲಿಯಸ್ಸು, ಅಂಥ ಜಾಗದಲ್ಲಿ ಮಾತ್ರ ಎಣಿಸಿ. ಹಾಗಂತ ಡಿವಿಷನ್ ಚೆನ್ನಾಗಿ ಕಾಣೋ ಫೀಲ್ಡೇ ಹುಡುಕ್ಕೊಂಡು ಹೋಗ್ಬೇಡಿ, ಆಗ ಉಲ್ಟಾ ತಪ್ಪಾಗುತ್ತೆ.

ಅನಾಫೇಸ್ 14 ನಿಮಿಷ ಅಂತ ಬರೆದು ಖುಷಿಪಡೋಕೂ ಹೋಗ್ಬೇಡಿ. ನೀವು ನೋಡಿದ್ದು ಎರಡೇ ಸೆಲ್ಲು, ಅದ್ರಲ್ಲಿ ಒಂದನ್ನ ಟೀಲೋಫೇಸ್ ಅಂದ್ಕೊಂಡಿದ್ರೆ 14 ಹೋಗಿ 7 ಆಗ್ತಿತ್ತು. ಆ ನಂಬರ್ ಮೇಲೆ ಭರವಸೆ ಬರ್ಬೇಕಂದ್ರೆ ಬೇರೆ ಬೇರೆ ಬೇರುಗಳಿಂದ ಸಾವಿರ ಸೆಲ್ಲಾದ್ರೂ ಎಣಿಸಿ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಆ 24 ಗಂಟೆ ಮೇಲೆ. ಅದು ಲ್ಯಾಬಲ್ಲಿ ಬೆಳೆಸಿದ ಮನುಷ್ಯರ ಸೆಲ್ಲಿಗೆ ಟೆಕ್ಸ್ಟ್ ಬುಕ್ಕಲ್ಲಿ ಕೊಟ್ಟಿರೋ ಲೆಕ್ಕ. ಟ್ಯೂಷನ್ ನೋಟ್ಸಿನವ್ರು ಎಲ್ಲದಕ್ಕೂ ಅದನ್ನೇ ಅಂಟಿಸ್ತಾರೆ. ಈರುಳ್ಳಿ ಬೇರಿಗೆ ಎಷ್ಟು ಹೊತ್ತು ಅನ್ನೋದು ಉಷ್ಣಾಂಶದ ಮೇಲೆ ಹೋಗುತ್ತೆ, ನಮ್ಮ ಮಳೆಗಾಲದ ಥಂಡೀಲಿ ಬೇರು ಬಿಡೋಕೇ ಸತಾಯಿಸಲ್ವಾ, ಸೆಲ್ ಸೈಕಲ್ಲೂ ಹಾಗೇ ಎಳೆಯುತ್ತೆ. ಸ್ಲೈಡು ಹೇಳೋದು ಬರೀ ಪಾಲು, ಒಟ್ಟು ಗಂಟೆ ಹೊರಗಿಂದ ತರ್ಬೇಕು. ಅದಕ್ಕೆ "24 ಗಂಟೆ ಅಂತ ಇಟ್ಕೊಂಡ್ರೆ" ಅಂತ ರೆಕಾರ್ಡಲ್ಲಿ ಒಂದು ಸಾಲು ಬರೀರಿ.

ಪ್ರಶ್ನೆ: ಇಂಟರ್‌ಫೇಸಲ್ಲಿ ಜಿ1, ಎಸ್, ಜಿ2 ಬೇರೆ ಬೇರೆ ಎಣಿಸೋದು ಹೇಗೆ?
- ಸಾಗರ

ಉತ್ತರ: ಅಸಿಟೋಕಾರ್ಮಿನ್ ಹಾಕಿ ಮೈಕ್ರೋಸ್ಕೋಪಲ್ಲಿ ಆಗಲ್ಲ, ಆಗುತ್ತೆ ಅಂದವ್ರನ್ನ ನಂಬ್ಬೇಡಿ, ಡಿಎನ್ಎ ಪ್ರಮಾಣ ಅಳೆಯೋ ಫ್ಲೋ ಸೈಟೋಮೀಟರ್ ಬೇಕು.

ಪ್ರಶ್ನೆ: ಸೀನಿಯರ್ ರೆಕಾರ್ಡಿನ ನಂಬರ್ ಬರೆದ್ರೆ ನಡೆಯುತ್ತಾ?
- ಹೆಸರು ಬೇಡ

ಉತ್ತರ: ವೈವಾದಲ್ಲಿ ಸ್ಲೈಡ್ ತೋರ್ಸು ಅಂತಾರೆ, ಆಗ ನೋಡ್ಕೊಳ್ಳಿ.