ಅಜ್ಜನ ಲೆಕ್ಕದಲ್ಲಿ ಇಲ್ಲದ ಬಟ್ಟೆ

ಪ್ರಶ್ನೆ: ನಮ್ಮದು ಕುಮಟಾ. ಅಜ್ಜನ ಕಾಲದ ಲೆಕ್ಕದ ಪುಸ್ತಕದ ಫೋಟೋ ತೆಗೆದು ಎಐ ಮಾಡೆಲ್‌ಗೆ ಕೊಟ್ಟರೆ ನನಗೇ ಓದೋಕೆ ಬಾರದ ಅಕ್ಷರಾನೂ ಸಲೀಸಾಗಿ ಓದಿ ಕೊಡ್ತದೆ. ಆಮೇಲೆ ಹೋಲಿಸಿ ನೋಡಿದ್ರೆ ಕೆಲವು ಪದ ಪುಟದಲ್ಲಿ ಇಲ್ಲವೇ ಇಲ್ಲ. ಯಾಕೆ ಹೀಗಾಗ್ತದೆ? ಹಿಡಿಯೋದು, ತಪ್ಪಿಸೋದು ಹೇಗೆ?

ಶಿರಸಿ ಹತ್ತಿರದ ನಮ್ಮ ಮನೆಯ 1951ರ ಕೀರ್ದಿ ಪುಸ್ತಕ ಓದಿಸುವಾಗ ನನಗೂ ಇದೇ ಆಯಿತು. ಆ ಪುಸ್ತಕದ ಒಂದೇ ಒಂದು ಸಾಲು ಹಿಡಿದು ಹೇಳುತ್ತೇನೆ.

ಪುಟದಲ್ಲಿ ಮೂರು ಖರ್ಚು, ಕೆಳಗೆ ಮೊತ್ತ, ಎಲ್ಲ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ. ‘ಗೊಬ್ಬರ ಹೊತ್ತ ಕೂಲಿ’ 7-8-0, ‘ಕೊನೆಗೌಡನಿಗೆ’ 4-12-0. ಮೂರನೇ ಸಾಲಿಗೆ ಯಾವುದೋ ಮಳೆಗಾಲದಲ್ಲಿ ನೀರು ತಾಗಿ ಶಾಯಿ ಹರಡಿದೆ. ಮೊದಲಿಗೆ ಒಂದು ‘ಬ’, ಅದರ ಪಕ್ಕ ಟಕಾರದ ಒತ್ತಿನ ಬಾಲ, ಕೊನೆಗೆ ‘ತಂದದ್ದು’, ಇಷ್ಟೇ ಕಾಣುವುದು. ಮಾಡೆಲ್ ಮಾತ್ರ ಒಂದು ಕ್ಷಣವೂ ಅಳುಕದೆ ‘ಬಟ್ಟೆ ತಂದದ್ದು 3-5-6’ ಎಂದು ಬರೆದುಕೊಟ್ಟಿತು. ಕಾಗುಣಿತ ಸರಿ, ಅರ್ಥ ಸರಿ. ನಾನು ಮೊದಲ ಸಲ ನೋಡಿ ಹಾಗೆಯೇ ಮುಂದೆ ಹೋಗಿದ್ದೆ.

ಅದು ಬಂದದ್ದು ಹೀಗೆ. ಮಾಡೆಲ್ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಒಂದು ಚೌಕ ಅಂದರೆ 14 ಅಥವಾ 16 ಪಿಕ್ಸೆಲ್. ಅದಕ್ಕೂ ಮೊದಲು ದೊಡ್ಡ ಫೋಟೋವನ್ನು ತನಗೆ ಹಿಡಿಸುವಷ್ಟಕ್ಕೆ ಕುಗ್ಗಿಸುವುದೂ ಉಂಟು. 3000 ಪಿಕ್ಸೆಲ್ ಅಗಲದ ಪುಟ 1000ಕ್ಕೆ ಇಳಿದರೆ 45 ಪಿಕ್ಸೆಲ್ ಇದ್ದ ಅಕ್ಷರ 15ಕ್ಕೆ ಬಂತು, ಅಂದರೆ ಸುಮಾರು ಒಂದು ಚೌಕ. ಅದರೊಳಗೆ ‘ಬ’ಕ್ಕೂ ‘ಬೆ’ಗೂ ಇರುವ ವ್ಯತ್ಯಾಸ ಎರಡು ಮೂರು ಪಿಕ್ಸೆಲ್. ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಗುಣಿತ, ಒತ್ತುಗಳಿಗೆ ಇದು ಹೆಚ್ಚು ಪೆಟ್ಟು ಕೊಡುತ್ತದೆ.

ಆಮೇಲೆ ಉತ್ತರ ಹುಟ್ಟುವುದು ತುಂಡು ತುಂಡಾಗಿ. ಪ್ರತಿ ತುಂಡಿಗೂ ಮಾಡೆಲ್ ಎರಡು ಕಡೆ ಕಿವಿಗೊಡುತ್ತದೆ: ಚಿತ್ರ ಏನನ್ನುತ್ತದೆ, ಇಲ್ಲಿಯವರೆಗೆ ಬರೆದ ಮಾತಿನ ಮುಂದೆ ಸಾಮಾನ್ಯವಾಗಿ ಏನು ಬರುತ್ತದೆ. ಶಾಯಿ ಸ್ಪಷ್ಟವಿದ್ದಲ್ಲಿ ಚಿತ್ರದ ಮಾತು ನಡೆಯುತ್ತದೆ. ಶಾಯಿ ಹರಡಿದಲ್ಲಿ ಚಿತ್ರದ ದನಿ ಕುಗ್ಗಿ, ಭಾಷೆಯ ಅಭ್ಯಾಸವೇ ಪದವನ್ನು ಆರಿಸುತ್ತದೆ. ಖರ್ಚಿನ ಪಟ್ಟಿಯಲ್ಲಿ ‘ಬ’ದಿಂದ ಶುರುವಾಗಿ ಟಕಾರದ ಒತ್ತು ಇರುವ, ‘ತಂದದ್ದು’ ಜೊತೆ ಹೊಂದುವ ಪದ ಅಂದರೆ ಅದು ಓದಿ ಬೆಳೆದ ಕನ್ನಡದಲ್ಲಿ ‘ಬಟ್ಟೆ’ಯೇ. ತೋಟಕ್ಕೆ ಬೆಟ್ಟದಿಂದ ಸೊಪ್ಪು ತರುವ ನಮ್ಮ ಕಡೆಯ ಕ್ರಮ ಅದಕ್ಕೆ ಅಪರೂಪದ ಸಂಗತಿ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಲೆಕ್ಕಗಳಲ್ಲಿ ಮರಾಠಿಯಿಂದ ಬಂದ ಪದಗಳೂ ಬೇಕಷ್ಟಿವೆ. ಅವುಗಳಿಗೂ ಇದೇ ಗತಿ.

ಇನ್ನೊಂದು ಕಾರಣ ಕಲಿಕೆಯಲ್ಲಿದೆ. ಚಿತ್ರ ಮತ್ತು ಅದರ ಪೂರ್ತಿ ಪಠ್ಯ, ಇಂಥ ಜೋಡಿಗಳಿಂದಲೇ ಅದು ಓದಲು ಕಲಿತಿರುತ್ತದೆ. ‘ಇಲ್ಲಿ ಓದಲಾಗದು’ ಎಂಬ ಉತ್ತರವೇ ಸರಿಯಾಗಿದ್ದ ಉದಾಹರಣೆ ಕಂಡದ್ದು ಕಡಿಮೆ. ಹಾಗಾಗಿ ಖಾಲಿ ಬಿಡುವ ಅಭ್ಯಾಸ ಗಟ್ಟಿಯಾಗಿ ಕೂತಿಲ್ಲ. ಚಿತ್ರದಿಂದ ಅಕ್ಷರ ಗುರುತಿಸುವ ಹಳೇ ಓಸಿಆರ್ ತಂತ್ರಾಂಶ ತಪ್ಪು ಮಾಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತಿತ್ತು, ನೋಡಿದ ಕೂಡಲೇ ತಿಳಿಯುತ್ತಿತ್ತು. ಇಲ್ಲಿ ತಪ್ಪೂ ಚೊಕ್ಕ ಕನ್ನಡದಲ್ಲೇ ಬರುತ್ತದೆ. ನನಗೆ ಭಯ ಹುಟ್ಟಿಸಿದ್ದು ಅದೇ.

ಹಿಡಿಯಲು ನಾನು ಹೆಚ್ಚು ನೆಚ್ಚಿರುವುದು ಮುಚ್ಚಿ ನೋಡುವ ಪರೀಕ್ಷೆ. ಅನುಮಾನದ ಪದದ ಮೇಲೆ ಕಾಗದದ್ದೇ ಬಣ್ಣ ಬಳಿದು ಅದೇ ಪುಟವನ್ನು, ಅದೇ ಸೂಚನೆಯೊಂದಿಗೆ ಮತ್ತೆ ಕೊಡಿ.

```python
from PIL import Image, ImageDraw
im = Image.open("page12.png").convert("RGB")
ImageDraw.Draw(im).rectangle((410, 620, 640, 690), fill=(236, 226, 200))
im.save("page12_masked.png")
```

ಆವರಣದ ನಾಲ್ಕು ಅಂಕಿ ಪದದ ಎಡ, ಮೇಲು, ಬಲ, ಕೆಳ ಅಂಚುಗಳು. ನಿಮ್ಮ ಪುಟಕ್ಕೆ ತಕ್ಕ ಹಾಗೆ ಬದಲಿಸಿ. ನಾನು ‘ತಂದದ್ದು’ ಉಳಿಸಿ, ಹಿಂದಿನ ಪದವನ್ನಷ್ಟೇ ಮುಚ್ಚಿ ಮೂರು ಸಲ ಕೊಟ್ಟೆ. ಎರಡು ಸಲ ‘ಅಕ್ಕಿ ತಂದದ್ದು’, ಒಂದು ಸಲ ‘ಬಟ್ಟೆ ತಂದದ್ದು’ ಎಂದು ಬಂತು. ಬರೀ ಕಾಗದದಿಂದ ಅಕ್ಕಿಯೂ ಬಂತು, ಬಟ್ಟೆಯೂ ಬಂತು. ಮುಚ್ಚಿದಾಗ ಅದು ಜಾಗ ಖಾಲಿ ಬಿಟ್ಟಿದ್ದರೆ, ಮೊದಲ ಓದಿಗೆ ಶಾಯಿಯ ಆಧಾರ ಸ್ವಲ್ಪ ಇತ್ತು ಎನ್ನಬಹುದಿತ್ತು. ಓದು ಸರಿ ಎಂಬುದಕ್ಕೆ ಅದೂ ಸಾಕ್ಷಿಯಲ್ಲ.

ಒಂದೇ ಪುಟವನ್ನು ಐದು ಸಲ ಓದಿಸಿ, ಐದೂ ಒಂದೇ ಬಂದರೆ ಸರಿ ಎಂದು ನಂಬುವವರಿದ್ದಾರೆ. ನಂಬಬೇಡಿ. ಭಾಷೆಯ ಅಭ್ಯಾಸ ಐದು ಸಲವೂ ಅದೇ ಇರುತ್ತದೆ. ಉತ್ತರ ಸಲಸಲಕ್ಕೆ ಎಷ್ಟು ಬದಲಾಗಬಹುದು ಎಂಬುದನ್ನು ಹಿಡಿತದಲ್ಲಿಡುವ ಟೆಂಪರೇಚರ್ ಎಂಬ ಸೆಟ್ಟಿಂಗನ್ನು 0 ಮಾಡಿದರೂ ಅಷ್ಟೇ, ತಪ್ಪು ಪದವೇ ಹೆಚ್ಚು ಸಂಭವನೀಯವಾಗಿದ್ದರೆ ಪ್ರತಿ ಸಲ ಅದನ್ನೇ ಕೊಡುತ್ತದೆ. ಐದು ಸಲ ಐದು ಬಗೆ ಬಂದರೆ ಮಾತ್ರ ಅದು ಉಪಯೋಗದ ಸುದ್ದಿ: ಅಲ್ಲಿ ಶಾಯಿ ಏನೂ ಹೇಳುತ್ತಿಲ್ಲ.

ಅಂಕಿಗಳಿಗೆ ಅಜ್ಜಂದಿರೇ ಪರೀಕ್ಷೆ ಬಿಟ್ಟು ಹೋಗಿದ್ದಾರೆ, ಅದು ಕೆಳಗಿನ ಮೊತ್ತ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ, ಅದಕ್ಕೂ ಹಿಂದಿನ ಲೆಕ್ಕವನ್ನು 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಹಿಡಿದು ಕೂಡಿ. ನಮ್ಮ ಪುಟದ ಮೊತ್ತ ಸ್ಪಷ್ಟವಾಗಿ 16-3-6 ಇದೆ. ಮೊದಲೆರಡು ಸಾಲು ಕೂಡಿದರೆ 12-4-0. ಉಳಿದದ್ದು 3-15-6. ಮಾಡೆಲ್ ಓದಿದ್ದು 3-5-6. ಆಣೆಯ ಜಾಗದಲ್ಲಿ ‘1’ ಕಲೆಯೊಳಗೆ ಮುಳುಗಿತ್ತು. ಭೂತಗನ್ನಡಿ ಹಿಡಿದಾಗ ಅದರ ತುದಿ ಕಂಡಿತು.

ತಪ್ಪಿಸುವ ವಿಷಯಕ್ಕೆ ಬಂದರೆ, ಇಡೀ ಪುಟ ಕೊಡುವುದನ್ನು ಬಿಡಿ. 400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಒಂದೊಂದೇ ಸಾಲು ಕತ್ತರಿಸಿ ಕೊಡಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ, ಅಕ್ಕಪಕ್ಕದ ಸಾಲು ನೋಡಿ ಊಹಿಸುವ ದಾರಿಯೂ ಕಡಿಮೆಯಾಗುತ್ತದೆ. ಸೂಚನೆಯಲ್ಲಿ ಪೂರ್ತಿ ಪದವೇ ಬೇಕೆಂದು ಕೇಳಬೇಡಿ. ನಾನು ಬರೆಯುವುದು ಇಷ್ಟು: ‘ಕಂಡ ಅಕ್ಷರವನ್ನಷ್ಟೇ ಬರೆ, ಕಾಗುಣಿತ ತಿದ್ದಬೇಡ, ಕಾಣದ ಅಕ್ಷರಕ್ಕೆ ಚುಕ್ಕಿ ಇಡು, ಪದವೇ ಕಾಣದಿದ್ದರೆ [ಓದಲಾಗದು] ಎಂದು ಬರೆ.’ ತೋಟದ ಪದಗಳ ಪಟ್ಟಿ ಜೊತೆಗೆ ಕೊಟ್ಟರೆ ಕೆಲವು ಸಾಲು ಸುಧಾರಿಸುತ್ತವೆ, ಆದರೆ ಆಮೇಲೆ ಕಲೆ ಇದ್ದಲ್ಲೆಲ್ಲ ಆ ಪಟ್ಟಿಯ ಪದಗಳೇ ಬರತೊಡಗುತ್ತವೆ. ಹಾಗಾಗಿ ನಾನು ಪಟ್ಟಿಯನ್ನು ಎರಡನೇ ಓದಿಗೆ ಮಾತ್ರ ಕೊಡುತ್ತೇನೆ, ಮೊದಲ ಓದನ್ನು ಅಳಿಸುವುದಿಲ್ಲ.

ಸೂಚನೆ ಕೆಲಸ ಮಾಡುತ್ತಿದೆಯೇ ಎಂದು ಅಳೆಯಬೇಕು. ಚೆನ್ನಾಗಿರುವ 20 ಸಾಲುಗಳನ್ನು ಯಾರಿಂದಲೂ ಓದಲಾಗದಷ್ಟು ಮಸುಕು ಮಾಡಿ ಉಳಿದವುಗಳ ನಡುವೆ ಸೇರಿಸಿ. 20ಕ್ಕೆ ಎಷ್ಟು ಸಲ [ಓದಲಾಗದು] ಬಂತು ಎಂದು ಎಣಿಸಿ. 12 ಬಂದರೆ ಉಳಿದ 8 ಕಟ್ಟುಕಥೆ, ನಿಮ್ಮ ನಿಜವಾದ ಕಲೆಗಳಲ್ಲೂ ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ ಎಂದು ತಿಳಿಯಿರಿ.

ತಾಳೆ ನೋಡಲು ಮನೆಯವರನ್ನು ಕೂರಿಸುವಾಗ ಮಾಡೆಲ್ ಬರೆದದ್ದನ್ನು ಮೊದಲು ತೋರಿಸಬೇಡಿ. ‘ಬಟ್ಟೆ’ ಎಂದು ಒಮ್ಮೆ ಓದಿದ ಮೇಲೆ ನನ್ನ ಕಣ್ಣಿಗೂ ಆ ಕಲೆಯಲ್ಲಿ ಬಟ್ಟೆಯೇ ಕಂಡಿತ್ತು. ನಮ್ಮ ದೊಡ್ಡಮ್ಮ ಬರೀ ಚಿತ್ರ ನೋಡಿ, ‘ಇದು ಬೆಟ್ಟದ ಸೊಪ್ಪಾಗಿರ್ಲಕ್ಕು’ ಎಂದರು. ಮರುವರ್ಷದ ಅದೇ ತಿಂಗಳ ಪುಟ ತೆಗೆದರೆ ಅಲ್ಲಿ ‘ಬೆಟ್ಟದ ಸೊಪ್ಪು ತಂದದ್ದು’ ಎಂದು ಸ್ಪಷ್ಟವಾಗಿಯೇ ಇತ್ತು. ಆದರೂ ಅದು ಬೇರೆ ಪುಟದ ಸಾಕ್ಷಿ. ಆದ್ದರಿಂದ ನನ್ನ ಕಡತದಲ್ಲಿ ಆ ಸಾಲು ‘ಬ.ಟ್ಟ.. [ಓದಲಾಗದು] ತಂದದ್ದು 3-[1]5-6’ ಎಂದೇ ಇದೆ. ಸೊಪ್ಪಿನ ಊಹೆ, ಅದಕ್ಕೆ ಆಧಾರವಾದ ಪುಟದ ಸಂಖ್ಯೆ ಮತ್ತು ಸಾಲಿನ ಕತ್ತರಿಸಿದ ಚಿತ್ರ ಪಕ್ಕದ ಬೇರೆ ಕಾಲಮ್ಮಿನಲ್ಲಿವೆ.