ನೆಟ್ ಹೋದರೂ ಮಾತ್ರೆಯ ಅಲಾರಾಂ ಹೊಡೆಯಬೇಕೆಂದರೆ

"ಹೊಸನಗರದ ಹತ್ತಿರ ನಮ್ಮ ಮನೆ. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅಮ್ಮನ ಮಾತ್ರೆ ನೆನಪಿಸುವ ಆಪ್ ನೆಟ್ ಬಂದ ಮೇಲೆ ಎಲ್ಲಾ ಒಟ್ಟಿಗೆ ತೋರಿಸುತ್ತದೆ. ಏನು ಮಾಡಲಿ?"

ಒಟ್ಟಿಗೆ ಬರುವುದೇ ಸುಳಿವು. ಆ ಆಪ್ ಫೋನಿನಲ್ಲಿ ಅಲಾರಾಂ ಇಡುತ್ತಿಲ್ಲ, ದೂರದ ಸರ್ವರ್‌ನಿಂದ ಸಂದೇಶ ಬರಲಿ ಎಂದು ಕಾಯುತ್ತಿದೆ. ಖಚಿತ ಮಾಡಿಕೊಳ್ಳಿ: ಹತ್ತು ನಿಮಿಷದ ನಂತರಕ್ಕೆ ಒಂದು ರಿಮೈಂಡರ್ ಇಟ್ಟು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಲಾಕ್ ಮಾಡಿ ಸುಮ್ನೆ ಬಿಡಿ. ಹೊಡೆಯದಿದ್ದರೆ ಆಪ್ ಬದಲಿಸಿ.

ಹೊಸ ಆಪ್ ಹಾಕಿದಾಗ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ `Alarms & reminders` ಅನುಮತಿ ನೋಡಿ. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಎಷ್ಟೋ ಆಪ್‌ಗಳಿಗೆ ಇದು ತಾನಾಗಿ ಸಿಗುವುದಿಲ್ಲ. ಆಗ ರಿಮೈಂಡರ್ ತಡವಾಗಿ ಬರಬಹುದು. ಬ್ಯಾಟರಿ ಬಳಕೆಯನ್ನೂ `Unrestricted` ಮಾಡಿ.

ಇನ್ನೊಂದು ತೊಂದರೆ ನಮ್ಮ ಮನೆಯಲ್ಲೇ ಆಯಿತು. ರಾತ್ರಿ ಚಾರ್ಜ್ ಮುಗಿದು ಅಪ್ಪನ ಫೋನ್ ಆಫ್ ಆಗಿತ್ತು. ಬೆಳಗ್ಗೆ ಆನ್ ಮಾಡಿ, ಪಿನ್ ಹಾಕದೆ ಚಾರ್ಜಿಗೆ ಇಟ್ಟರು. ಎಂಟು ಗಂಟೆಯ ಬಿಪಿ ಮಾತ್ರೆಗೆ ಆಪ್ ಹೊಡೆಯಲೇ ಇಲ್ಲ. ಫೋನ್ ಆಫ್ ಆದರೆ ಆಪ್ ಇಟ್ಟ ಅಲಾರಾಂ ಅಳಿಸಿಹೋಗುತ್ತದೆ. ಒಮ್ಮೆ ಲಾಕ್ ತೆಗೆಯುವವರೆಗೆ ಹೆಚ್ಚಿನ ಆಪ್‌ಗಳು ಅದನ್ನು ಮತ್ತೆ ಇಡಲಾರವು. ಫೋನಿನ ಜೊತೆಗೇ ಬರುವ ಗಡಿಯಾರಕ್ಕೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಹಾಗಾಗಿ ತಪ್ಪಲೇಬಾರದ ಮಾತ್ರೆಗೆ ಫೋನಿನ ಗಡಿಯಾರದಲ್ಲೇ ದಿನವೂ ಹೊಡೆಯುವ ಅಲಾರಾಂ ಇಡಿ, ಮಾತ್ರೆಯ ಹೆಸರನ್ನೂ ಬರೆಯಿರಿ.

ಸಿಗ್ನಲ್ ಹುಡುಕುತ್ತಾ ಚಾರ್ಜ್ ಜಾಸ್ತಿ ಖರ್ಚಾಗುತ್ತದೆ, ಅಲ್ವಾ? ಟವರ್ ಸತ್ತ ರಾತ್ರಿ ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ಗಡಿಯಾರದ ಅಲಾರಾಂ ಆಗಲೂ ಹೊಡೆಯುತ್ತದೆ.